ಹಿಮ್ಮಡಿ ಮೇಲಿನ ನೋವು: ಓಡುವಾಗ ಅಲ್ಲ, ಮರುದಿನ ಬೆಳಿಗ್ಗೆ ನೋಡಿ

ಪೊಲೀಸ್ ನೇಮಕಾತಿಯ ಅಧಿಸೂಚನೆ ಬಂತು ಅಂದ್ರೆ ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಐದೂವರೆಗೇ ಓಟ ಶುರು. ಕೋಚಿಂಗ್‌ಗೆಂದು ಬಂದು ಪಿ.ಜಿ.ಯಲ್ಲಿ ಇರುವ ಹುಡುಗರು, ಹುಡುಗಿಯರು ಕರ್ನಾಟಕ ವಿಶ್ವವಿದ್ಯಾಲಯದ ಏರು ಹತ್ತುತ್ತಾರೆ. ಕೆಲವರು ಕೆಲಗೇರಿ ಕೆರೆ ಕಡೆ ಹೋಗುತ್ತಾರೆ. ಟ್ರ್ಯಾಕ್ ಬೇಕು ಅನ್ನುವವರು ಆರ್.ಎನ್. ಶೆಟ್ಟಿ ಕ್ರೀಡಾಂಗಣ ಸೇರುತ್ತಾರೆ. ಇದಾದ ಮೂರ್ನಾಲ್ಕು ವಾರಕ್ಕೆ ಫಿಸಿಯೊಥೆರಪಿಗೆ ಬರುವವರಲ್ಲಿ ಒಂದು ದೂರು ಪದೇ ಪದೇ ಕೇಳಿಸುತ್ತದೆ.

"ಮುಂಜಾನೆ ಎದ್ದ ಕೂಡ್ಲೆ ಕಾಲು ಊರಾಕ ಆಗಂಗಿಲ್ರಿ ಸರ್. ಓಡಾಕ ಹತ್ತಿದ್ರ ಹತ್ತು ನಿಮಿಷಕ್ಕ ಎಲ್ಲಾ ಸರಿ ಆಗತೈತ್ರಿ."

ಈ ಎರಡನೇ ಮಾತೇ ಅಪಾಯದ್ದು. ಓಡಿದರೆ ನೋವು ಹೋಗುತ್ತದೆ, ಹಾಗಾದರೆ ಓಡುವುದೇ ಔಷಧಿ ಅಂದುಕೊಂಡು ಹುಡುಗರು ಇನ್ನೂ ಜಾಸ್ತಿ ಓಡುತ್ತಾರೆ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಅಕಿಲೀಸ್ ಟೆಂಡನ್‌ನ ಸಮಸ್ಯೆ ಶುರುವಾಗುವುದೇ ಹೀಗೆ. ಮೈ ಬಿಸಿಯಾದಂತೆ ನೋವು ಮಾಯವಾಗುತ್ತದೆ, ಮರುದಿನ ಹಾಸಿಗೆಯಿಂದ ಇಳಿಯುವಾಗ ಮತ್ತೆ ಬರುತ್ತದೆ. ಓಡುವಾಗ ನೋವಿತ್ತೋ ಇಲ್ಲವೋ ಅನ್ನುವುದರಿಂದ ಈ ಟೆಂಡನ್‌ನ ಸ್ಥಿತಿ ಗೊತ್ತಾಗುವುದಿಲ್ಲ. ಇವತ್ತಿನ ಓಟ ಅದಕ್ಕೆ ಸರಿಹೋಯಿತಾ ಅನ್ನುವುದು ತಿಳಿಯುವುದು ನಾಳೆ ಬೆಳಿಗ್ಗೆ. ಇದನ್ನು ಓದಲು ಕಲಿತವರು ಪೂರ್ತಿ ಓಟ ಬಿಡದೆಯೇ ಬಹಳಷ್ಟು ಸಲ ಸುಧಾರಿಸಿಕೊಳ್ಳುತ್ತಾರೆ.

ಈ ಟೆಂಡನ್ ಇರುವುದು ಎಲ್ಲಿ ಅಂತ ಮೊದಲು ಕೈಯಿಂದಲೇ ನೋಡಿಕೊಳ್ಳಿ. ಹಿಮ್ಮಡಿಯ ಹಿಂದೆ ಬೆರಳಿಟ್ಟು ಮೇಲಕ್ಕೆ ಸರಿಸಿ. ಗಟ್ಟಿ ಹಗ್ಗದ ಹಾಗೆ ಸಿಗುತ್ತದಲ್ಲ, ಅದೇ. ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಬಂದು ಒಂದಾಗಿ ಇದರ ಮೂಲಕ ಹಿಮ್ಮಡಿ ಮೂಳೆಗೆ ಅಂಟಿಕೊಂಡಿವೆ. ಮೇಲಿನದು ಗ್ಯಾಸ್ಟ್ರಾಕ್ನೀಮಿಯಸ್, ಒಳಗಿನದು ಸೋಲಿಯಸ್. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಆರರಿಂದ ಎಂಟು ಪಟ್ಟು ಎಳೆತ ಇದರ ಮೇಲೆ ಬೀಳಬಹುದು. ವೇಗ ಹೆಚ್ಚಿದರೆ ಎಳೆತವೂ ಹೆಚ್ಚು. ಏರು ಹತ್ತುವಾಗ ಪಾದ ಜಾಸ್ತಿ ಬಾಗುವುದರಿಂದ ಟೆಂಡನ್ ಇನ್ನೂ ಹಿಗ್ಗಿದ ಸ್ಥಿತಿಯಲ್ಲಿ ಅದೇ ಕೆಲಸ ಮಾಡಬೇಕಾಗುತ್ತದೆ.

ನೋವು ಬರುವ ಜಾಗ ಎರಡು. ಮೂಳೆಗೆ ಅಂಟುವ ಜಾಗಕ್ಕಿಂತ 2ರಿಂದ 6 ಸೆಂಟಿಮೀಟರ್ ಮೇಲೆ ಬಂದರೆ ಅದು ಮಧ್ಯಭಾಗದ್ದು. ಓಡುವವರಲ್ಲಿ ಜಾಸ್ತಿ ಕಾಣುವುದು ಇದೇ, ನಾನು ಮುಖ್ಯವಾಗಿ ಹೇಳುತ್ತಿರುವುದೂ ಇದರ ಬಗ್ಗೆಯೇ. ಸರಿಯಾಗಿ ಮೂಳೆ ಮೇಲೆಯೇ ನೋವಿದ್ದರೆ ಅದು ಅಂಟುವ ಜಾಗದ್ದು. ಅದಕ್ಕೆ ವ್ಯಾಯಾಮ ಸ್ವಲ್ಪ ಬೇರೆ, ಮುಂದೆ ಹೇಳುತ್ತೇನೆ. ಎರಡರಲ್ಲೂ ನೋವಿನ ಜಾಗವನ್ನು ಒಂದೇ ಬೆರಳಿಟ್ಟು ತೋರಿಸಲು ಆಗುತ್ತದೆ. ಮೀನಖಂಡ ಪೂರ್ತಿ ನೋವು, ಪಾದದ ಅಡಿಯಲ್ಲಿ ಉರಿ, ಜುಮ್ಮೆನ್ನುವುದು ಇದ್ದರೆ ಕಾರಣ ಬೇರೆ ಏನೋ ಇರುತ್ತದೆ.

ಒಬ್ಬ ಹುಡುಗನ ಲೆಕ್ಕ ನೋಡೋಣ. ಹಾವೇರಿ ಜಿಲ್ಲೆಯ ಹಳ್ಳಿಯವನು, ವಯಸ್ಸು 23. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಇವನು ಮೊದಲು ವಾರಕ್ಕೆ ಮೂರು ದಿನ, ದಿನಕ್ಕೆ 4 ಕಿಲೋಮೀಟರ್ ಓಡುತ್ತಿದ್ದ. ಅಂದರೆ ವಾರಕ್ಕೆ 12. ಅಧಿಸೂಚನೆ ಬಂದ ಮೇಲೆ ವಾರಕ್ಕೆ ಆರು ದಿನ, ದಿನಕ್ಕೆ 5 ಕಿಲೋಮೀಟರ್. 12 ಇದ್ದದ್ದು ಏಕದಮ್ 30 ಆಯಿತು. ಅದರ ಮೇಲೆ ವಾರದಲ್ಲಿ ಎರಡು ದಿನ 400 ಮೀಟರ್ ಜೋರಾಗಿ ಓಡುವುದು, ಒಂದು ದಿನ ಏರು ಹತ್ತುವುದು ಸೇರಿತು. ಗೆಳೆಯರು ಹೇಳಿದರೆಂದು ಹಿಮ್ಮಡಿ ಕಡೆ ತೆಳ್ಳಗಿರುವ ಹೊಸ ಶೂ ಬೇರೆ ತಗೊಂಡ. ಹಿಮ್ಮಡಿ ಕೆಳಗೆ ಇಳಿದಷ್ಟೂ ಟೆಂಡನ್‌ಗೆ ಎಳೆತ ಜಾಸ್ತಿ. ದೂರ, ವೇಗ, ಏರು, ಶೂ ನಾಲ್ಕೂ ಒಂದೇ ವಾರದಲ್ಲಿ ಬದಲಾದವು.

ಮೂರನೇ ವಾರಕ್ಕೆ ಬೆಳಗಿನ ಬಿಗಿತ ಶುರುವಾಯಿತು. ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಕುಂಟು, ಆಮೇಲೆ ಏನೂ ಇಲ್ಲ. ಇನ್ನೂ ಒಂದು ವಾರ ಹಾಗೇ ಓಡಿದ. ಆಗ ಮೆಟ್ಟಿಲು ಇಳಿಯುವಾಗಲೂ ನೋವು ಬಂತು. ಕ್ಲಾಸಿನಲ್ಲಿ ಎರಡು ತಾಸು ಕೂತು ಎದ್ದರೂ ಅದೇ ಬಿಗಿತ. ಟೆಂಡನ್ ಅನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಒಂದು ಕಡೆ ಚುಳ್ ಅನ್ನುತ್ತಿತ್ತು, ಆ ಜಾಗ ಇನ್ನೊಂದು ಕಾಲಿಗಿಂತ ದಪ್ಪ ಸಿಗುತ್ತಿತ್ತು. ಗಮನಿಸಬೇಕಾದ ಲಕ್ಷಣಗಳು ಇವೇ, ಬಹುತೇಕ ಇದೇ ಕ್ರಮದಲ್ಲಿ ಬರುತ್ತವೆ. ಮೊದಲನೆಯ ಹಂತದಲ್ಲಿ ಓಟ ತಗ್ಗಿಸಿದರೆ ಕೆಲವೇ ವಾರದಲ್ಲಿ ಇಳಿಯುವ ಸಾಧ್ಯತೆ ಜಾಸ್ತಿ. ತಿಂಗಳುಗಟ್ಟಲೆ ತಳ್ಳಿದರೆ ಟೆಂಡನ್‌ನ ಒಳಗಿನ ಎಳೆಗಳ ಜೋಡಣೆಯೇ ಕೆಡುತ್ತದೆ. ಆಮೇಲೆ ಸುಧಾರಿಸಲು ಮೂರರಿಂದ ಆರು ತಿಂಗಳು, ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ.

ಈ ಹುಡುಗ ಆಮೇಲೆ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಓಟ ಪೂರ್ತಿ ಬಿಟ್ಟ. ಹತ್ತು ದಿನದಲ್ಲಿ ನೋವು ಹೋಯಿತು. ಹನ್ನೊಂದನೇ ದಿನ ಮತ್ತೆ 5 ಕಿಲೋಮೀಟರ್ ಓಡಿದ. ಮೂರು ದಿನಕ್ಕೆ ನೋವು ಮೊದಲಿಗಿಂತ ಜೋರಾಗಿ ಬಂತು.

ವಿಶ್ರಾಂತಿ ಇಲ್ಲಿ ಯಾಕೆ ಕೈಕೊಡುತ್ತದೆ ಅಂದರೆ, ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ತಾಕತ್ತು ಬರುವುದಿಲ್ಲ. ಟೆಂಡನ್ ಗಟ್ಟಿಯಾಗುವುದು ಅದಕ್ಕೆ ಭಾರ ಬಿದ್ದಾಗ ಮಾತ್ರ. ಸುಮ್ನೆ ಇಟ್ಟರೆ ಟೆಂಡನ್ನೂ ಮೀನಖಂಡವೂ ಎರಡೂ ಸೊರಗುತ್ತವೆ. ಹತ್ತು ದಿನದ ಮೇಲೆ ಅದೇ 5 ಕಿಲೋಮೀಟರ್ ಅನ್ನುವುದು ಮೊದಲಿಗಿಂತ ಬಡಕಲಾದ ಕಾಲಿನ ಮೇಲೆ ಬೀಳುತ್ತದೆ. ಬಿಡುವುದು, ವಾಸಿಯಾಯಿತು ಅಂದುಕೊಳ್ಳುವುದು, ಮತ್ತೆ ಓಡುವುದು, ಮತ್ತೆ ನೋವು. ಈ ಸುತ್ತಿನಲ್ಲೇ ವರ್ಷ ಕಳೆದವರನ್ನು ನೋಡಿದ್ದೇನೆ, ನೋಡಿ ಸಂಕಟ ಆಗುತ್ತದೆ. ವಯೋಮಿತಿ ಮೀರುವ ಮೊದಲು ನೌಕರಿ ಹಿಡಿಯಬೇಕಾದವರು ಇವರು.

ಹಾಗಂತ ದಿನಾ ಭಾರ ಹಾಕಬೇಕು ಅಂತಲೂ ಅಲ್ಲ. ಜೋರು ಓಟ ಅಥವಾ ಭಾರದ ವ್ಯಾಯಾಮ ಆದ ಮೇಲೆ ಟೆಂಡನ್‌ನ ಎಳೆಗಳಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನ್ ಒಡೆಯುವುದೂ ಹೊಸದಾಗಿ ಕಟ್ಟುವುದೂ ಎರಡೂ ಜಾಸ್ತಿ ಆಗುತ್ತವೆ. ಮೊದಲ ಒಂದರಿಂದ ಒಂದೂವರೆ ದಿನ ಒಡೆಯುವುದೇ ಮೇಲಾಗಿರುತ್ತದೆ, ಆಮೇಲೆ ಕಟ್ಟುವುದು ಮುಂದೆ ಬರುತ್ತದೆ. ಆರು ದಿನ ಬಿಡುವಿಲ್ಲದೆ ಓಡಿದರೆ ಕಟ್ಟುವ ಸಮಯಕ್ಕೆ ಸರಿಯಾಗಿ ಮತ್ತೆ ಒಡೆದ ಹಾಗೆ. ನೋವಿರುವಾಗ ದಿನ ಬಿಟ್ಟು ದಿನ ಓಡಿ ಅನ್ನುವುದು ಇದಕ್ಕೇ.

ಈಗ ಬೆಳಗಿನ ಲೆಕ್ಕಕ್ಕೆ ಬರೋಣ. ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾ ಹಲ್ಲು ಉಜ್ಜುವ ಮೊದಲು ಗೋಡೆಗೆ ಬೆರಳು ತಾಗಿಸಿ, ನೋವಿರುವ ಕಾಲೊಂದರ ಮೇಲೆ ನಿಂತು, ಹಿಮ್ಮಡಿಯನ್ನು ಐದು ಸಲ ನಿಧಾನಕ್ಕೆ ಮೇಲೆತ್ತಿ ಇಳಿಸಿ. ಆಗಿನ ನೋವಿಗೆ 0ರಿಂದ 10ರೊಳಗೆ ಒಂದು ಅಂಕ ಕೊಟ್ಟು ಬರೆಯಿರಿ. ಓಡುವಾಗಿನ ನೋವಿಗೂ ಹಾಗೇ ಒಂದು ಅಂಕ. ಸ್ವೀಡನ್‌ನಲ್ಲಿ ಕರಿನ್ ಗ್ರಾವರೆ ಸಿಲ್ಬರ್ನಾಗೆಲ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ನಿಯಮ ಇತ್ತು. ವ್ಯಾಯಾಮ, ಓಟದ ನಡುವೆ ನೋವು 5ರ ತನಕ ಬರಬಹುದು, ಮರುದಿನ ಬೆಳಗಿಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಈ ನಿಯಮದೊಳಗೆ ಓಡುತ್ತಲೇ ವ್ಯಾಯಾಮ ಮಾಡಿದವರೂ ಓಟ ನಿಲ್ಲಿಸಿ ವ್ಯಾಯಾಮ ಮಾಡಿದವರೂ ಸುಮಾರಾಗಿ ಒಂದೇ ರೀತಿ ಸುಧಾರಿಸಿದರು. ನಮ್ಮ ಹುಡುಗರು ನೋವನ್ನು ಯಾವಾಗಲೂ ಕಡಿಮೆ ಮಾಡಿ ಹೇಳುತ್ತಾರೆ, ಹಾಗಾಗಿ ನಾನು ಓಡುವಾಗಿನ ಮಿತಿಯನ್ನು 3ಕ್ಕೆ ಇಡಲು ಹೇಳುತ್ತೇನೆ.

ಆ ಹುಡುಗನ ನೋಟ್‌ಬುಕ್ಕಿನ ಒಂದು ವಾರ ಹೀಗಿತ್ತು. ಸೋಮವಾರ ಬೆಳಿಗ್ಗೆ 2. ಅವತ್ತು ಸಮತಟ್ಟಾದ ರಸ್ತೆಯಲ್ಲಿ 3 ಕಿಲೋಮೀಟರ್ ನಿಧಾನ ಓಟ, ಓಡುವಾಗ ನೋವು 2. ಮಂಗಳವಾರ ಬೆಳಿಗ್ಗೆ ಮತ್ತೆ 2. ಅಂದರೆ ಈ ಓಟ ಅವನ ಟೆಂಡನ್ ತಡೆಯುವಷ್ಟೇ ಇತ್ತು. ಬುಧವಾರ ಹುರುಪಿನಲ್ಲಿ 4 ಕಿಲೋಮೀಟರ್ ಓಡಿದ, ಕೊನೆಯ ಒಂದು ಕಿಲೋಮೀಟರ್ ಜೋರಾಗಿ. ಓಡುವಾಗ ನೋವು 0. ಖುಷಿಯಾಗಿ ಮಲಗಿದ. ಗುರುವಾರ ಬೆಳಿಗ್ಗೆ 5.

ಬುಧವಾರದ ಸೊನ್ನೆಯನ್ನು ನಂಬಿದ್ದರೆ ಶುಕ್ರವಾರ 5 ಕಿಲೋಮೀಟರ್ ಆಗುತ್ತಿತ್ತು. ಗುರುವಾರದ ಐದನ್ನು ನೋಡಿದ್ದರಿಂದ ಬೇರೆ ನಿರ್ಧಾರ ಆಯಿತು. ಶುಕ್ರವಾರ ಓಟ ಇಲ್ಲ. ಶನಿವಾರ ಬೆಳಿಗ್ಗೆ ಅಂಕ 2ಕ್ಕೆ ಬಂದ ಮೇಲೆ ಸೋಮವಾರದ್ದೇ ಓಟ, 3 ಕಿಲೋಮೀಟರ್, ನಿಧಾನ. ಅಂಕ ಏರಿದರೆ ಗಾಬರಿಯಾಗಿ ಎಲ್ಲಾ ಬಿಡಬೇಕಿಲ್ಲ. ಹಿಂದೆ ಸರಿಹೋಗಿದ್ದ ಮಟ್ಟಕ್ಕೆ ವಾಪಸ್ ಬಂದರೆ ಸಾಕು. ಇನ್ನೊಂದು ಪಾಠವೂ ಇಲ್ಲಿದೆ. ಬುಧವಾರ ದೂರ, ವೇಗ ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಯಾವುದು ಕೆಡಿಸಿತು ಅಂತ ಗೊತ್ತಾಗಲಿಲ್ಲ. ಒಂದು ಸಲಕ್ಕೆ ಒಂದೇ ಏರಿಸಿ. ಮೊದಲು ದೂರ, ಅದು ಎರಡು ವಾರ ಸಲೀಸಾದ ಮೇಲೆ ವೇಗ, ಎಲ್ಲಕ್ಕಿಂತ ಕೊನೆಗೆ ಏರು. ಬಿಡುವಾಗ ಇದೇ ಕ್ರಮ ತಿರುಗುಮುರುಗು. ನೋವು ಬಂದ ಕೂಡಲೇ ವಿಶ್ವವಿದ್ಯಾಲಯದ ಏರು, ನೃಪತುಂಗ ಬೆಟ್ಟ, 400 ಮೀಟರ್ ಜೋರು ಓಟ ಇವನ್ನು ಮೊದಲು ಬಿಡಿ. ಉಣಕಲ್ ಕೆರೆ ಸುತ್ತಿನ ಹಾದಿಯಂಥ ಸಮ ಜಾಗದಲ್ಲಿ ನಿಧಾನ ಓಟ ಇಟ್ಟುಕೊಳ್ಳಿ. ಅದಕ್ಕೂ ಬೆಳಗಿನ ಅಂಕ ಏರಿದರೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಮಾಡಿ.

ಓಟ ತಗ್ಗಿಸಿದ್ದು ಅರ್ಧ ಕೆಲಸ. ಉಳಿದರ್ಧ ಟೆಂಡನ್‌ಗೆ ತಾಕತ್ತು ತರುವುದು, ಅದು ಹಿಮ್ಮಡಿ ಎತ್ತುವ ವ್ಯಾಯಾಮದಿಂದ ಆಗುತ್ತದೆ. ಈ ಹುಡುಗ ಬಂದ ದಿನ ಗಟ್ಟಿ ಕಾಲಲ್ಲಿ 24 ಸಲ ಎತ್ತಿದ, ನೋವಿರುವ ಕಾಲಲ್ಲಿ 11. ಓಡುವವರು ಒಂಟಿ ಕಾಲಲ್ಲಿ 25ರ ಹತ್ತಿರ ಎತ್ತಬೇಕು ಅನ್ನುವುದು ಸಾಮಾನ್ಯ ಅಳತೆ. ಅವನ ತೊಂದರೆಯ ದೊಡ್ಡ ಪಾಲು ಆ 11ರಲ್ಲೇ ಕಾಣುತ್ತಿತ್ತು.

ಮೊದಲು ಎರಡೂ ಕಾಲಿನ ಮೇಲೆ ನಿಂತು ಎತ್ತುವುದು. ಮೇಲೆ ಹೋಗಲು ಮೂರು ಸೆಕೆಂಡ್, ಇಳಿಯಲು ಮೂರು ಸೆಕೆಂಡ್. ಹದಿನೈದು ಸಲ, ಮೂರು ಸುತ್ತು, ನಡುವೆ ಎರಡು ನಿಮಿಷ ಬಿಡುವು. ಆಮೇಲೆ ಒಂಟಿ ಕಾಲು. ಆಮೇಲೆ ಮೆಟ್ಟಿಲಿನ ಅಂಚಿನ ಮೇಲೆ ಪಾದದ ಮುಂಭಾಗ ಇಟ್ಟು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಿ ಎತ್ತುವುದು. ಮಂಡಿ ನೆಟ್ಟಗಿಟ್ಟು ಒಮ್ಮೆ, ಮಂಡಿ ಬಾಗಿಸಿ ಒಮ್ಮೆ. ಮಂಡಿ ಬಾಗಿಸಿದಾಗ ಕೆಲಸ ಸೋಲಿಯಸ್‌ಗೆ ಹೋಗುತ್ತದೆ, ಓಟದಲ್ಲಿ ಹೆಚ್ಚು ದುಡಿಯುವುದೂ ಅದೇ. ಹದಿನೈದು ಸಲೀಸಾದ ಮೇಲೆ ಬೆನ್ನಿಗೆ ಬ್ಯಾಗ್. ಇವನು ಕೋಚಿಂಗಿನ ಗೈಡ್‌ಗಳನ್ನೇ ತುಂಬಿಕೊಂಡ, 5 ಕೆ.ಜಿ. ಆಯಿತು. ಎರಡು ವಾರಕ್ಕೆ 8, ಮುಂದೆ 12. ಭಾರ ಏರಿದಂತೆ ಸಂಖ್ಯೆ ಹದಿನೈದರಿಂದ ಹತ್ತು, ಎಂಟಕ್ಕೆ ಇಳಿಯುತ್ತದೆ. ಭಾರ ಹಾಕಲು ಶುರುಮಾಡಿದ ಮೇಲೆ ವಾರಕ್ಕೆ ಮೂರು ದಿನ ಸಾಕು. ಇದನ್ನೂ ಅದೇ ಬೆಳಗಿನ ಅಂಕದಿಂದಲೇ ಅಳೆಯಬೇಕು.

ಹಳೆಯ ಪದ್ಧತಿ ಬೇರೆ ಇತ್ತು. 1998ರಲ್ಲಿ ಹೊಕನ್ ಆಲ್‌ಫ್ರೆಡ್‌ಸನ್ ಅನ್ನುವ ಸ್ವೀಡನ್ ವೈದ್ಯರು ತಂಡದವರ ಜೊತೆ ಪ್ರಕಟಿಸಿದ್ದು. ಹಿಮ್ಮಡಿ ಇಳಿಸುವ ಭಾಗವನ್ನು ಮಾತ್ರ ದಿನಕ್ಕೆ 180 ಸಲ, 12 ವಾರ ಮಾಡಬೇಕು. ಅದೂ ಕೆಲಸ ಮಾಡುತ್ತದೆ. ನಿಧಾನಕ್ಕೆ ಭಾರ ಎತ್ತುವ ಪದ್ಧತಿಯೂ ಅಷ್ಟೇ ಫಲ ಕೊಡುತ್ತದೆ ಅಂತ 2015ರಲ್ಲಿ ಡೆನ್ಮಾರ್ಕಿನ ಒಂದು ಅಧ್ಯಯನ ತೋರಿಸಿತು. ದಿನಕ್ಕೆ 180 ಸಲ ಅಂದರೆ ಓದುವ ಹುಡುಗರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ವಾರಕ್ಕೆ ಮೂರು ದಿನದ್ದನ್ನು ನಡೆಸಿಕೊಂಡು ಹೋಗುತ್ತಾರೆ. ನಾನು ಎರಡನೆಯದನ್ನೇ ಕೊಡುವುದು ಅದಕ್ಕೆ.

ನೋವು ಹಿಮ್ಮಡಿ ಮೂಳೆಯ ಮೇಲೆಯೇ ಇದ್ದವರು ಮೆಟ್ಟಿಲಿನ ಅಂಚಿನ ವ್ಯಾಯಾಮ ಮಾಡಬಾರದು. ಹಿಮ್ಮಡಿ ಕೆಳಗೆ ಇಳಿದಾಗ ಟೆಂಡನ್ ಆ ಮೂಳೆಗೆ ಒತ್ತಿಕೊಳ್ಳುತ್ತದೆ, ನೋವು ಕೆರಳುತ್ತದೆ. ಇವರು ನೆಲದ ಮೇಲೆ ನಿಂತು ಮೇಲಕ್ಕಷ್ಟೇ ಎತ್ತಬೇಕು. ಗೋಡೆಗೆ ಕೈಯಿಟ್ಟು ಮೀನಖಂಡ ಎಳೆಯುವ ಸ್ಟ್ರೆಚಿಂಗ್ ಕೂಡ ಸದ್ಯಕ್ಕೆ ಬೇಡ. ಶೂ ಒಳಗೆ ಹಿಮ್ಮಡಿ ಕೆಳಗೆ ಒಂದು ಸೆಂಟಿಮೀಟರಿನಷ್ಟು ಪ್ಯಾಡ್ ಇಟ್ಟರೆ ಆರಾಮ ಸಿಗುತ್ತದೆ. ಎರಡೂ ಕಾಲಿಗೆ ಇಡಿ.

ನೋವಿನ ಮಾತ್ರೆ ನುಂಗಿ ಓಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಮಾತ್ರೆಯಿಂದ ಟೆಂಡನ್ ಸರಿಯಾಗುವುದಿಲ್ಲ, ಬೆಳಗಿನ ಅಂಕ ಸುಳ್ಳಾಗುತ್ತದೆ. ನರ ಸರಿದಿದೆ ಅಂತ ಆ ಜಾಗವನ್ನೇ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಂಡರೆ ಕೆರಳಿದ್ದು ಇನ್ನೂ ಕೆರಳುತ್ತದೆ. ಮೀನಖಂಡಕ್ಕೆ ಹಗುರವಾಗಿ ಎಣ್ಣೆ ತಿಕ್ಕಿಕೊಂಡರೆ ತೊಂದರೆ ಇಲ್ಲ. ಟೆಂಡನ್‌ಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಕೆಲವು ವಾರ ಆರಾಮ ಅನಿಸಬಹುದು, ಆದರೆ ಟೆಂಡನ್ ಹರಿಯುವ ಅಪಾಯ ಇದೆ.

ಹರಿದಿದ್ದರೆ ಫಿಸಿಯೊ ಹತ್ತಿರ ಬರುವುದಲ್ಲ, ಅವತ್ತೇ ಮೂಳೆ ವೈದ್ಯರ ಹತ್ತಿರ ಹೋಗಬೇಕು. ಓಡುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಆಗಿ 'ಪಟ್' ಅಂದರೆ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ, ಅದೇ. ಹರಿದ ಮೇಲೂ ಕುಂಟುತ್ತಾ ನಡೆಯಲು ಆಗುತ್ತದೆ, ಪಾದ ಸ್ವಲ್ಪ ಅಲ್ಲಾಡುತ್ತದೆ. ಉಳುಕಿದೆ ಅಂತ ವಾರಗಟ್ಟಲೆ ಬಿಟ್ಟವರು ಇದರಿಂದಲೇ ಮೋಸ ಹೋಗುತ್ತಾರೆ. ಮಂಚದ ಮೇಲೆ ಬೋರಲು ಮಲಗಿ, ಪಾದ ಅಂಚಿನಿಂದ ಹೊರಗೆ ಬಿಡಿ. ಬೇರೆಯವರು ಮೀನಖಂಡವನ್ನು ಹಿಂಡಲಿ. ಗಟ್ಟಿ ಕಾಲಲ್ಲಿ ಪಾದ ಕೆಳಮುಖವಾಗಿ ಬಾಗುತ್ತದೆ. ಈ ಕಾಲಲ್ಲಿ ಬಾಗದಿದ್ದರೆ ಟೆಂಡನ್ ಹರಿದಿದೆ ಅಂತಲೇ ತಿಳಿದು ಹೊರಡಿ.

ಇನ್ನೂ ಕೆಲವು ಸಂದರ್ಭದಲ್ಲಿ ಮೊದಲು ವೈದ್ಯರನ್ನು ನೋಡಬೇಕು. ಮೀನಖಂಡ ಊದಿ, ಬಿಸಿಯಾಗಿ, ಕೂತಾಗಲೂ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಡ ಮಾಡಬೇಡಿ. ಸಿಪ್ರೊಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಥರದ ಆ್ಯಂಟಿಬಯಾಟಿಕ್ ತಗೊಳ್ಳುವಾಗ ಅಥವಾ ತಗೊಂಡ ಮೇಲೆ ಟೆಂಡನ್ ನೋವು ಬಂದರೆ ಓಟ ನಿಲ್ಲಿಸಿ, ಬರೆದುಕೊಟ್ಟ ವೈದ್ಯರಿಗೆ ಕೂಡಲೇ ಹೇಳಿ. ಈ ಮಾತ್ರೆಗಳಿಂದ ಟೆಂಡನ್ ಹರಿಯಬಹುದು ಅಂತ ಎಚ್ಚರಿಕೆಯೇ ಇದೆ. ಎರಡೂ ಹಿಮ್ಮಡಿ ಒಟ್ಟಿಗೆ ನೋಯುತ್ತಿದ್ದು, ಬೆಳಗಿನ ಬಿಗಿತ ಅರ್ಧ ತಾಸಿಗೂ ಮೇಲೆ ಇದ್ದು, ಸೊಂಟವೂ ಬಿಗಿಯುತ್ತಿದ್ದರೆ ಅದು ಓಟದಿಂದ ಬಂದದ್ದಾಗಿರದೆ ವಾತರೋಗ ಇರಬಹುದು.

ಇವು ಯಾವುದೂ ಇಲ್ಲ, ಆದರೆ ಓಟ ತಗ್ಗಿಸಿ ಎರಡು ಮೂರು ವಾರ ಆದರೂ ಬೆಳಗಿನ ಅಂಕ ಇಳಿದಿಲ್ಲ ಅಂದರೆ ಫಿಸಿಯೊಥೆರಪಿಸ್ಟ್ ಹತ್ತಿರ ಹೋಗುವ ಸಮಯ ಅದು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗದಿದ್ದರೆ, ನಡೆಯುವಾಗ ಕುಂಟುತ್ತಿದ್ದರೆ, ಒಮ್ಮೆ ಹೋದ ನೋವು ಎರಡನೇ ಸಲ ಬಂದಿದ್ದರೆ ಅಷ್ಟು ದಿನವೂ ಕಾಯಬೇಡಿ. ಹೋಗುವಾಗ ಓಡುವ ಶೂ, ನೋಟ್‌ಬುಕ್, ಹಿಂದಿನ ಎರಡು ತಿಂಗಳ ಓಟದ ಲೆಕ್ಕ, ದೈಹಿಕ ಪರೀಕ್ಷೆಯ ದಿನಾಂಕ ಗೊತ್ತಿದ್ದರೆ ಅದು, ಇಷ್ಟನ್ನು ತಗೊಂಡು ಹೋಗಿ. ಸಾಮಾನ್ಯವಾಗಿ ಕೈಯಿಂದ ಮುಟ್ಟಿ, ಹಿಮ್ಮಡಿ ಎತ್ತಿಸಿ ನೋಡಿದರೇ ಗೊತ್ತಾಗುತ್ತದೆ, ಎಲ್ಲರಿಗೂ ಸ್ಕ್ಯಾನಿಂಗ್ ಬೇಕಿಲ್ಲ. ಸ್ಕ್ಯಾನಿಂಗ್‌ನಲ್ಲಿ ಬದಲಾವಣೆ ಕಂಡರೂ ನೋವೇ ಇಲ್ಲದವರು ಇರುತ್ತಾರೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಕೇಳಿ. ದಿನಾ ಹದಿನೈದು ನಿಮಿಷ ಯಂತ್ರ ಹಚ್ಚಿ ಕಳಿಸುತ್ತಿದ್ದಾರೆ, ಭಾರದ ವ್ಯಾಯಾಮ ಹೇಳಿಕೊಟ್ಟಿಲ್ಲ, ಓಟದ ಲೆಕ್ಕ ಕೇಳಿಲ್ಲ ಅಂದರೆ ನಿಮಗೆ ಬೇಕಾದ ಚಿಕಿತ್ಸೆ ಅಲ್ಲಿ ಸಿಗುತ್ತಿಲ್ಲ.

ಈ ಹುಡುಗನಿಗೆ ಎಂಟನೇ ವಾರಕ್ಕೆ ಬೆಳಗಿನ ಅಂಕ 0 ಅಥವಾ 1ರಲ್ಲಿ ನಿಂತಿತು, ನೋವಿದ್ದ ಕಾಲಲ್ಲಿ 22 ಸಲ ಎತ್ತಿದ. ಆಗ ಸ್ಕಿಪ್ಪಿಂಗ್ ಶುರು ಮಾಡಿಸಿದೆವು, ಮೊದಲು ಎರಡೂ ಕಾಲಲ್ಲಿ ಅರ್ಧ ನಿಮಿಷ. ಹತ್ತನೇ ವಾರಕ್ಕೆ 200 ಮೀಟರ್, ಮುಕ್ಕಾಲು ವೇಗದಲ್ಲಿ ನಾಲ್ಕು ಸಲ, ನಡುವೆ ಪೂರ್ತಿ ಬಿಡುವು. ಹನ್ನೆರಡಕ್ಕೆ 400. ಹದಿನಾಲ್ಕನೇ ವಾರ ಟ್ರ್ಯಾಕ್ ಮೇಲೆ 1600 ಮೀಟರ್ ಪೂರ್ತಿ ಓಡಿ 6 ನಿಮಿಷ 12 ಸೆಕೆಂಡಿನಲ್ಲಿ ಮುಗಿಸಿದ. ಮರುದಿನ ಬೆಳಿಗ್ಗೆ ಅಂಕ 1. ಬ್ಯಾಗ್ ಹಾಕಿಕೊಂಡು ಹಿಮ್ಮಡಿ ಎತ್ತುವುದನ್ನು ವಾರಕ್ಕೆ ಎರಡು ದಿನ ಈಗಲೂ ಮಾಡುತ್ತಿದ್ದಾನೆ. ಓಡುವಷ್ಟು ಕಾಲ ಅದನ್ನು ಮುಂದುವರಿಸಲು ಹೇಳಿದ್ದೇನೆ.